ಶುಕ್ರವಾರಕ್ಕೋ, ಶುಕ್ರವಾರದ ದೆಸೆಯಿಂದಲೋ?

ಮೆಕ್ಸಿಕೋದ ಗ್ವಾದಲಹಾರಾ ನಗರದ ಒಂದು ಸಣ್ಣ ಟೈಲರ್ ಅಂಗಡಿಯನ್ನು ಕಲ್ಪಿಸಿಕೊಳ್ಳಿ. ಸಾಫ್ಟ್‌ವೇರ್ ಕೆಲಸಕ್ಕೆಂದು ಅಲ್ಲಿಗೆ ಹೋಗಿರುವ ಮೈಸೂರಿನ ಹುಡುಗಿಯೊಬ್ಬಳು ಕೈಯಲ್ಲಿ ಹೊಸ ಡ್ರೆಸ್ ಹಿಡಿದು ನಿಂತಿದ್ದಾಳೆ. ಡ್ರೆಸ್ ತಂಗಿಯದು. ಶನಿವಾರ ಸ್ನೇಹಿತೆಯ ಮದುವೆ, ಅದಕ್ಕೆಂದೇ ತಂಗಿ ಊರಿಂದ ಬಂದಿದ್ದಾಳೆ. ಡ್ರೆಸ್ಸಿನ ಉದ್ದ ಮೂರು ಬೆರಳು ಹೆಚ್ಚಾಗಿದೆ, ಅಂಚು ಮಡಚಿ ಹೊಲಿಯಬೇಕು. ಹುಡುಗಿ ಧೈರ್ಯ ಮಾಡಿ ಹೇಳುತ್ತಾಳೆ: ‘ನೆಸೆಸಿತೋ ಎಲ್ ಬೆಸ್ತಿದೋ ಪೋರ್ ಎಲ್ ಬಿಯೆರ್ನೆಸ್.’

ಶುಕ್ರವಾರದೊಳಗೆ ಡ್ರೆಸ್ ಬೇಕು ಎನ್ನುವುದು ಅವಳ ಮನಸ್ಸಿನಲ್ಲಿದ್ದ ಮಾತು. ಟೈಲರಮ್ಮನ ಕಿವಿಗೆ ಬಿದ್ದದ್ದು ‘ಶುಕ್ರವಾರದ ದೆಸೆಯಿಂದ ನನಗೆ ಡ್ರೆಸ್ ಬೇಕು’ ಎಂದು. ಶುಕ್ರವಾರ ಅಂಥದ್ದೇನು ಮಾಡಿತು ಎಂದು ಆಕೆ ಒಂದು ಕ್ಷಣ ಹುಬ್ಬೇರಿಸುತ್ತಾಳೆ. ಆಮೇಲೆ ಅರ್ಥ ಮಾಡಿಕೊಂಡು ಮೆಲ್ಲಗೆ ತಿದ್ದುತ್ತಾಳೆ: ‘ಆ, ಪಾರಾ ಎಲ್ ಬಿಯೆರ್ನೆಸ್!’

ಸ್ಪ್ಯಾನಿಷ್ ಕಲಿಯುವವರು ಎಡವುವ ಜಾಗಗಳಲ್ಲಿ ಇದು ತೀರಾ ಹೆಸರಾದದ್ದು. ಪೋರ್ ಮತ್ತು ಪಾರಾ ಎರಡೂ ಪುಟ್ಟ ಪದಗಳು, ಎರಡಕ್ಕೂ ಇಂಗ್ಲಿಷ್ ಪಠ್ಯಪುಸ್ತಕ ಕೊಡುವ ಮೊದಲ ಅರ್ಥ ‘ಫಾರ್’. ಅದರ ಮೇಲೆ ಪೋರ್‌ಗೆ ‘ಬೈ’ ಎಂಬ ಅರ್ಥವೂ ಇದೆ. ಮೈಸೂರಿನ ಹುಡುಗಿ ಜಾರಿದ್ದು ಅಲ್ಲಿಯೇ. ‘ಬೈ ಫ್ರೈಡೇ’ ಎಂದು ಇಂಗ್ಲಿಷಿನಲ್ಲಿ ಯೋಚಿಸಿ, ಬೈ ಇದ್ದ ಕಡೆ ಪೋರ್ ಇಟ್ಟಳು. ಅವಳು ಕನ್ನಡದಲ್ಲೇ ಯೋಚಿಸಿದ್ದರೆ ‘ಶುಕ್ರವಾರಕ್ಕೆ ಬೇಕು’ ಎಂದಿರುತ್ತಿದ್ದಳು. ಆ ‘ಕ್ಕೆ’ ಅವಳನ್ನು ನೇರವಾಗಿ ಪಾರಾ ಹತ್ತಿರ ಕೊಂಡೊಯ್ಯುತ್ತಿತ್ತು.

ಈ ಎರಡು ಪದಗಳ ಗಂಟನ್ನು ಬಿಡಿಸಲು ಕನ್ನಡದವರಿಗೆ ಇಂಗ್ಲಿಷಿಗಿಂತ ಶಾಲೆಯಲ್ಲಿ ಕಂಠಪಾಠ ಮಾಡಿದ ವಿಭಕ್ತಿ ಪ್ರತ್ಯಯಗಳೇ ಹೆಚ್ಚು ಒದಗುತ್ತವೆ. ಆದರೆ ಎಲ್ಲ ಕಡೆಯೂ ಅಲ್ಲ. ಕೆಲವು ಕಡೆ ಅವೇ ಕೈಕೊಡುತ್ತವೆ. ಎಲ್ಲಿ ನಂಬಬೇಕು, ಎಲ್ಲಿ ನಂಬಬಾರದು ಎಂಬುದನ್ನು ತಿಳಿಯಲು ಮೊದಲು ಈ ಪದಗಳ ಹುಟ್ಟನ್ನು ನೋಡಬೇಕು.

ಪೋರ್‌ಗೆ ಬಾಲ ಬಂದಾಗ

ಲ್ಯಾಟಿನ್ ಭಾಷೆಯಲ್ಲಿ ‘ಪ್ರೋ’ ಮತ್ತು ‘ಪೆರ್’ ಎಂಬ ಎರಡು ಪದಗಳಿದ್ದವು. ಪ್ರೋ ಎಂದರೆ ಪರವಾಗಿ, ಬದಲಾಗಿ. ಪೆರ್ ಎಂದರೆ ಮೂಲಕ, ಹಾದು. ಫ್ರೆಂಚ್ ಇವೆರಡನ್ನೂ ಬೇರೆಬೇರೆಯಾಗಿಯೇ ಉಳಿಸಿಕೊಂಡಿತು, ಅಲ್ಲಿ ಈಗಲೂ ‘ಪೂರ್’ ಬೇರೆ, ‘ಪಾರ್’ ಬೇರೆ. ಸ್ಪ್ಯಾನಿಷ್‌ನಲ್ಲಿ ಮಾತ್ರ ಇಬ್ಬರೂ ಒಂದೇ ಮನೆಗೆ ಬಂದರು. ಪೋರ್ ಎಂಬ ಒಂದೇ ಪದ ಪರವಾಗಿ, ಬದಲಾಗಿ, ಮೂಲಕ, ಕಾರಣದಿಂದ ಎಂಬ ಎಲ್ಲ ಹೊರೆಯನ್ನೂ ಹೊತ್ತುಕೊಂಡಿತು.

ಆಗ ಗುರಿ, ದಿಕ್ಕು ಹೇಳುವುದಕ್ಕೆ ಇನ್ನೊಂದು ಪದ ಬೇಕಾಯಿತು. ಸ್ಪ್ಯಾನಿಷ್‌ನಲ್ಲಿ ‘ಆ’ ಎಂಬ ಒಂದಕ್ಷರದ ಪದವಿದೆ. ಅದರ ಕೆಲಸ ಹೆಚ್ಚುಕಡಿಮೆ ನಮ್ಮ ‘ಗೆ’ ಪ್ರತ್ಯಯದ್ದೇ: ‘ಬೋಯ್ ಆ ಲಿಮಾ’ ಎಂದರೆ ಲಿಮಾಗೆ ಹೋಗುತ್ತೇನೆ. ಈ ‘ಆ’ ಪೋರ್‌ಗೆ ಅಂಟಿಕೊಂಡು ‘ಪೋರಾ’ ಆಯಿತು. ಸ್ಪೇನಿನ ಹಳೆಯ ವೀರಕಾವ್ಯ ‘ಕಾಂತಾರ್ ದೆ ಮಿಯೋ ಸಿದ್’ನಲ್ಲಿ ಈ ರೂಪ ಸಿಗುತ್ತದೆ. ಆ ಪೋರಾ ಮುಂದೆ ಪಾರಾ ಆಯಿತು. ಇಂದಿನ ಬೀದಿಮಾತಿನಲ್ಲಿ ಅದು ಇನ್ನೂ ಸವೆದು ಬರಿಯ ‘ಪಾ’ ಆಗಿದೆ.

ಅಂದರೆ ಪಾರಾ ಎಂಬುದು ಪೋರ್‌ಗೆ ‘ಗೆ’ ಸೇರಿಸಿ ಮಾಡಿದ ಪದ. ಆ ಬಾಲ ಯಾವಾಗಲೂ ಮುಂದಕ್ಕೆ ಕೈತೋರಿಸುತ್ತದೆ. ಬಾಲವಿಲ್ಲದ ಪೋರ್ ಹಿಂದಿರುವ ಕಾರಣದ ಕಡೆಗೋ, ಹಾದುಹೋಗುವ ದಾರಿಯ ಕಡೆಗೋ, ಕೊಟ್ಟು ಪಡೆಯುವ ವ್ಯವಹಾರದ ಕಡೆಗೋ ತಿರುಗಿರುತ್ತದೆ.

‘ಗೆ’ ಎಂದರೆ ಪಾರಾ: ನಾಲ್ಕು ಕಡೆ ಕಣ್ಣುಮುಚ್ಚಿ

ಕನ್ನಡದ ಚತುರ್ಥಿ ವಿಭಕ್ತಿ ನಿತ್ಯದ ಮಾತಿನಲ್ಲಿ ಮಾಡುವ ನಾಲ್ಕು ಕೆಲಸಗಳು ಪಾರಾ ಮಾಡುವ ಕೆಲಸಗಳೇ.

ಮೊದಲನೆಯದು ಯಾರಿಗೆ ಎಂಬುದು. ‘ಎಲ್ ಬೆಸ್ತಿದೋ ಎಸ್ ಪಾರಾ ಮಿ ಎರ್ಮಾನಾ’ ಎಂದರೆ ಡ್ರೆಸ್ ನನ್ನ ತಂಗಿಗೆ. ಎರಡನೆಯದು ಎಲ್ಲಿಗೆ: ‘ಸಾಲ್ಗೋ ಪಾರಾ ಪುಯೆಬ್ಲಾ’, ಪುಯೆಬ್ಲಾಗೆ ಹೊರಡುತ್ತಿದ್ದೇನೆ. ಮೂರನೆಯದು ಯಾವತ್ತಿಗೆ: ‘ಪಾರಾ ಎಲ್ ಬಿಯೆರ್ನೆಸ್’, ಶುಕ್ರವಾರಕ್ಕೆ. ನಾಲ್ಕನೆಯದು ಏನು ಮಾಡಲಿಕ್ಕೆ: ‘ಬೇಂಗೋ ಪಾರಾ ಆಪ್ರೆಂದೆರ್’, ಕಲಿಯೋದಕ್ಕೆ ಬರುತ್ತೇನೆ.

ನಾಲ್ಕರಲ್ಲೂ ಬಾಣ ಮುಂದಕ್ಕಿದೆ. ಡ್ರೆಸ್ ಇನ್ನೂ ತಂಗಿಯ ಕೈ ಸೇರಿಲ್ಲ, ಊರು ಇನ್ನೂ ಬಂದಿಲ್ಲ, ಶುಕ್ರವಾರ ಇನ್ನೂ ಆಗಿಲ್ಲ, ಕಲಿಕೆ ಇನ್ನೂ ಮುಗಿದಿಲ್ಲ.

ದಾರಿಯ ವಿಷಯಕ್ಕೆ ಬಂದರೆ ಎರಡೂ ಪದಗಳನ್ನು ಒಂದೇ ವಾಕ್ಯದಲ್ಲಿ ಕೂರಿಸಬಹುದು. ಬೆಂಗಳೂರಿನವರು ಮಂಡ್ಯದ ಮೇಲೆ ಮೈಸೂರಿಗೆ ಹೋಗುತ್ತಾರಲ್ಲ, ಅದನ್ನೇ ಸ್ಪ್ಯಾನಿಷ್‌ನಲ್ಲಿ ಹೇಳಿದರೆ ‘ಬೋಯ್ ಪಾರಾ ಮೈಸೂರು ಪೋರ್ ಮಂಡ್ಯ’. ಮೈಸೂರು ಗುರಿ, ಅದಕ್ಕೆ ಪಾರಾ. ಮಂಡ್ಯ ಹಾದುಹೋಗುವ ಊರು, ಅದಕ್ಕೆ ಪೋರ್.

ಎರಡು ‘ಯಾಕೆ’ಗಳು

‘ಸ್ಪ್ಯಾನಿಷ್ ಯಾಕೆ ಕಲೀತಿದ್ದೀಯ?’ ಎಂದು ಕನ್ನಡದಲ್ಲಿ ಕೇಳಿದರೆ ಎರಡು ಥರದ ಉತ್ತರ ಬರಬಹುದು. ‘ಕೇಳೋಕೆ ಚೆನ್ನಾಗಿದೆ, ಅದಕ್ಕೇ’ ಎನ್ನಬಹುದು. ‘ಮೆಕ್ಸಿಕೋದಲ್ಲಿ ಕೆಲಸ ಮಾಡೋಕೆ’ ಎನ್ನಬಹುದು. ನಮ್ಮ ‘ಯಾಕೆ’ ಎರಡನ್ನೂ ಒಪ್ಪಿಕೊಳ್ಳುತ್ತದೆ. ಸ್ಪ್ಯಾನಿಷ್ ಮಾತ್ರ ಕೇಳುವಾಗಲೇ ಇತ್ಯರ್ಥ ಮಾಡಿಬಿಡುತ್ತದೆ. ‘ಪೋರ್ ಕೆ’ ಎಂದು ಕೇಳಿದರೆ ಕಾರಣ ಹೇಳಬೇಕು. ‘ಪಾರಾ ಕೆ’ ಎಂದು ಕೇಳಿದರೆ ಉದ್ದೇಶ ಹೇಳಬೇಕು.

ಅಳುತ್ತಿರುವ ಮಗುವಿನ ಹತ್ತಿರ ಕೂತು ‘ಪೋರ್ ಕೆ ಯೋರಾಸ್?’ ಎಂದರೆ ಏನಾಯ್ತು, ಯಾಕೆ ಅಳ್ತಿದ್ದೀಯ ಎಂಬ ಕಳಕಳಿ. ಅದೇ ಮಗುವಿಗೆ ‘ಪಾರಾ ಕೆ ಯೋರಾಸ್?’ ಎಂದರೆ ಅತ್ತು ಏನು ಪ್ರಯೋಜನ, ಅಳೋದರಿಂದ ಏನು ಬರುತ್ತೆ ಎಂಬ ಗದರಿಕೆಯ ಧಾಟಿ. ಪದ ಒಂದು ಬದಲಾದದ್ದಕ್ಕೆ ಸಮಾಧಾನದ ಮಾತು ಬೈಗುಳದ ಹತ್ತಿರ ಬಂದು ನಿಲ್ಲುತ್ತದೆ.

ಕನ್ನಡಕ್ಕೆ ಈ ಭೇದ ಗೊತ್ತಿಲ್ಲವೆಂದಲ್ಲ. ನಾವು ಅದನ್ನು ಪ್ರಶ್ನೆಯಲ್ಲಿ ತೋರಿಸದೆ ಕ್ರಿಯಾಪದದಲ್ಲಿ ತೋರಿಸುತ್ತೇವೆ. ಈ ಎರಡು ವಾಕ್ಯಗಳನ್ನು ನೋಡಿ:

ಕಾಫಿ ಕುಡಿಯೋದಕ್ಕೆ ಒಳಗೆ ಹೋದೆ.
ಕಾಫಿ ಕುಡಿದದ್ದಕ್ಕೆ ನಿದ್ದೆ ಬರಲಿಲ್ಲ.

ಎರಡರಲ್ಲೂ ‘ಕ್ಕೆ’ ಇದೆ. ಆದರೆ ‘ಕುಡಿಯೋದು’ ಮುಂದಿನದು, ‘ಕುಡಿದದ್ದು’ ಆಗಿಹೋದದ್ದು. ಸ್ಪ್ಯಾನಿಷ್‌ನಲ್ಲಿ ಇದು ತಲೆಕೆಳಗಾಗುತ್ತದೆ. ಅಲ್ಲಿ ಕ್ರಿಯಾಪದ ಎರಡು ಕಡೆಯೂ ‘ತೋಮಾರ್’ ಎಂಬ ಒಂದೇ ರೂಪದಲ್ಲಿರುತ್ತದೆ, ಕಾಲದ ಭಾರವೆಲ್ಲ ಮುಂಚಿನ ಪುಟ್ಟ ಪದದ ಮೇಲೆ ಬೀಳುತ್ತದೆ. ‘ಎಂತ್ರೇ ಪಾರಾ ತೋಮಾರ್ ಕಾಫೇ’ ಎಂದರೆ ಕುಡಿಯೋದಕ್ಕೆ ಒಳಗೆ ಹೋದೆ. ‘ನೋ ದೊರ್ಮೀ ಪೋರ್ ತೋಮಾರ್ ಕಾಫೇ’ ಎಂದರೆ ಕುಡಿದದ್ದಕ್ಕೆ ನಿದ್ದೆ ಮಾಡಲಿಲ್ಲ.

ಕನ್ನಡದವರಿಗೆ ಸಿಗುವ ಬಹಳ ಉಪಯೋಗದ ಸೂತ್ರ ಇದು. ಮನಸ್ಸಿನಲ್ಲಿ ವಾಕ್ಯ ಕಟ್ಟುವಾಗ ‘ಮಾಡೋದಕ್ಕೆ’ ಎಂದು ಬಂದರೆ ಪಾರಾ, ‘ಮಾಡಿದ್ದಕ್ಕೆ’ ಎಂದು ಬಂದರೆ ಪೋರ್. ‘ಬಂದಿದ್ದಕ್ಕೆ ಥ್ಯಾಂಕ್ಸ್’ ಎಂಬುದು ‘ಗ್ರಾಸಿಯಾಸ್ ಪೋರ್ ಬೆನೀರ್’. ‘ತಡವಾಗಿ ಬಂದದ್ದಕ್ಕೆ ಕ್ಷಮಿಸಿ’ ಎಂಬುದು ‘ಪೆರ್ದೋನ್ ಪೋರ್ ಯೆಗಾರ್ ತಾರ್ದೆ’. ಗಾಡಿ ಅಲ್ಲಿ ನಿಲ್ಲಿಸಿದ್ದಕ್ಕೆ ದಂಡ ಬಿದ್ದರೆ ಅದು ‘ಮುಲ್ತಾ ಪೋರ್ ಎಸ್ತಾಸಿಯೋನಾರ್’. ಥ್ಯಾಂಕ್ಸ್, ಕ್ಷಮೆ, ದಂಡ ಮೂರೂ ಆಗಿಹೋದ ಸಂಗತಿಗೇ ಸಲ್ಲುವುದರಿಂದ ‘ಗ್ರಾಸಿಯಾಸ್’ ಮತ್ತು ‘ಪೆರ್ದೋನ್’ ಆದಮೇಲೆ ಹೀಗೆ ಕಾರಣ ಹೇಳುವಾಗ ಪೋರ್ ಬಿಟ್ಟು ಪಾರಾ ಬರುವುದಿಲ್ಲ.

ಇನ್ನು ಬರಿಯ ನಾಮಪದ ಕಾರಣವಾಗಿ ಬಂದರೆ ‘ಇಂದ’ ಪ್ರತ್ಯಯ ದಾರಿ ತೋರಿಸುತ್ತದೆ. ‘ಪೋರ್ ಲಾ ಯುಬಿಯಾ’ ಎಂದರೆ ಮಳೆಯಿಂದಾಗಿ. ಶಾಲೆಯಲ್ಲಿ ಪಂಚಮೀ ವಿಭಕ್ತಿಗೆ ‘ದೆಸೆಯಿಂದ’ ಎಂದು ರಾಗವಾಗಿ ಹೇಳಿ, ಆಮೇಲೆ ಜೀವಮಾನದಲ್ಲಿ ಒಮ್ಮೆಯೂ ಬಳಸದವರು ಅದನ್ನು ಇಲ್ಲಿ ಹೊರತೆಗೆಯಬಹುದು. ಕಾರಣ ಹೇಳುವ ಕಡೆ ದೆಸೆಯಿಂದ ಎಂದು ಸೇರಿಸಿ ನೋಡಿದಾಗ ವಾಕ್ಯ ನಿಂತರೆ ಅಲ್ಲಿ ಪೋರ್. ‘ಮಳೆಯ ದೆಸೆಯಿಂದ ಪಂದ್ಯ ನಿಂತಿತು’ ನಿಲ್ಲುತ್ತದೆ. ‘ಶುಕ್ರವಾರದ ದೆಸೆಯಿಂದ ಡ್ರೆಸ್ ಬೇಕು’ ನಿಲ್ಲುವುದಿಲ್ಲ.

ಕರ್ತೃವನ್ನು ಹೇಳುವ ‘ಇಂದ’ವೂ ಪೋರ್ ಆಗುತ್ತದೆ. 1605ರಲ್ಲಿ ಮೊದಲ ಭಾಗ ಪ್ರಕಟವಾದ ‘ದೋನ್ ಕಿಹೋತೆ’ ಕಾದಂಬರಿ ‘ಪೋರ್ ಸೆರ್ಬಾಂತೆಸ್’, ಅಂದರೆ ಸೆರ್ಬಾಂತೆಸ್‌ನಿಂದ ರಚಿತವಾದದ್ದು.

ನೂರಿಪ್ಪತ್ತು ಪೆಸೋಗೆ: ಇಲ್ಲಿ ‘ಗೆ’ ಕೈಕೊಡುತ್ತದೆ

‘ಇನ್ನೂರು ರೂಪಾಯಿಗೆ ಪುಸ್ತಕ ಕೊಂಡೆ.’ ಇಲ್ಲೂ ‘ಗೆ’ ಇದೆ, ಹಾಗಾದರೆ ಪಾರಾ ಇರಬೇಕಲ್ಲ? ಇಲ್ಲ. ಕೊಡುಕೊಳ್ಳುವ ವ್ಯವಹಾರವೆಲ್ಲ ಪೋರ್‌ನ ಪಾಲು. ಲ್ಯಾಟಿನ್‌ನ ಪ್ರೋ ಎಂಬ ಪದದಲ್ಲಿದ್ದ ‘ಬದಲಾಗಿ’ ಎಂಬ ಅರ್ಥ ಇಲ್ಲಿ ಜೀವಂತವಾಗಿದೆ. ದುಡ್ಡು ಆ ಕಡೆ ಹೋಯಿತು, ಅದರ ಬದಲಿಗೆ ವಸ್ತು ಈ ಕಡೆ ಬಂತು.

ಹೀಗಾಗಿ ಕನ್ನಡದವರು ಬೆಲೆ ಹೇಳುವಾಗ ಒಂದು ಸಣ್ಣ ಪರೀಕ್ಷೆ ಮಾಡಿಕೊಳ್ಳಬೇಕು. ‘ಗೆ’ ಇರುವ ಜಾಗದಲ್ಲಿ ‘ಬದಲು’ ಎಂದು ಇಟ್ಟು ನೋಡಬೇಕು. ‘ಇನ್ನೂರು ರೂಪಾಯಿಗೆ ಬದಲು ಪುಸ್ತಕ’ ಎಂದರೆ ಮಾತು ಒರಟಾದರೂ ಅರ್ಥ ಕೆಡುವುದಿಲ್ಲ, ಆದ್ದರಿಂದ ಪೋರ್. ‘ತಂಗಿಗೆ ಬದಲು ಡ್ರೆಸ್’ ಎಂದರೆ ಅನರ್ಥವೇ ಆಗುತ್ತದೆ, ಆದ್ದರಿಂದ ಪಾರಾ.

ಟೈಲರಮ್ಮನ ಹತ್ತಿರ ‘ಕ್ವಾಂತೋ ಮೆ ಕೋಬ್ರಾ ಪೋರ್ ಲಾ ಬಸ್ತಿಯಾ?’ ಎಂದು ಕೇಳಬೇಕು. ಬಸ್ತಿಯಾ ಎಂದರೆ ಮೆಕ್ಸಿಕೋದಲ್ಲಿ ಬಟ್ಟೆಯ ಅಂಚು ಮಡಚಿ ಹೊಲಿಯುವ ಕೆಲಸ. ಅಂಚು ಹೊಲಿಯೋದಕ್ಕೆ ಎಷ್ಟು ತಗೊಳ್ತೀರಿ ಎಂಬ ಪ್ರಶ್ನೆ ಇದು. ಇಲ್ಲಿ ‘ಹೊಲಿಯೋದಕ್ಕೆ’ ಎಂದು ಬಂದಿದೆ, ಮುಂಚಿನ ಸೂತ್ರದ ಪ್ರಕಾರ ಪಾರಾ ಆಗಬೇಕಿತ್ತು. ಆದರೆ ದುಡ್ಡಿನ ಮಾತು ಬಂದ ಕೂಡಲೇ ಆ ಸೂತ್ರ ಬದಿಗೆ ಸರಿಯುತ್ತದೆ. ಕೆಲಸ, ಅದರ ಬದಲಿಗೆ ಕೂಲಿ: ಇದು ವಿನಿಮಯ, ಆದ್ದರಿಂದ ಪೋರ್. ‘ಸಿಯೆಂತೋ ಬೇಂತೆ ಪೆಸೋಸ್ ಪಾರಾ ಲಾ ಬಸ್ತಿಯಾ’ ಎಂದರೆ ತಪ್ಪಲ್ಲ, ಆದರೆ ಅದರ ಅರ್ಥ ಬೇರೆ. ಅಂಚಿನ ಖರ್ಚಿಗೆಂದು ನೂರಿಪ್ಪತ್ತು ಪೆಸೋ ತೆಗೆದಿಟ್ಟಿದ್ದೇನೆ ಎಂದಂತೆ. ಪಾರಾ ದುಡ್ಡಿಗೆ ಗುರಿ ತೋರಿಸುತ್ತದೆ, ಪೋರ್ ಅದನ್ನು ಕೊಟ್ಟು ಲೆಕ್ಕ ಮುಗಿಸುತ್ತದೆ.

ವಿನಿಮಯದ ಈ ಪೋರ್ ಅಂಗಡಿ ಬೋರ್ಡುಗಳ ಮೇಲೂ ಕಾಣುತ್ತದೆ. ಸೂಪರ್ ಮಾರ್ಕೆಟ್ಟಿನಲ್ಲಿ ‘2x1’ ಎಂದು ಬರೆದಿದ್ದರೆ ಅದನ್ನು ‘ದೋಸ್ ಪೋರ್ ಊನೋ’ ಎಂದು ಓದುತ್ತಾರೆ. ಒಂದರ ದುಡ್ಡಿಗೆ ಎರಡು ತೆಗೆದುಕೊಂಡು ಹೋಗಿ ಎಂದು ಅರ್ಥ. ಗುಣಾಕಾರದ ಚಿಹ್ನೆಯನ್ನು ಓದುವುದೂ ಪೋರ್ ಎಂದೇ. ಮಗ್ಗಿ ಹೇಳುವ ಮಗು ‘ದೋಸ್ ಪೋರ್ ತ್ರೆಸ್, ಸೇಯ್ಸ್’ ಎನ್ನುತ್ತದೆ, ಎರಡು ಮೂರಲೆ ಆರು. ಗಂಟೆಗೆ ನೂರು ಕಿಲೋಮೀಟರ್ ಎನ್ನುವಾಗಿನ ‘ಗೆ’, ನೂರಕ್ಕೆ ಹತ್ತು ಎನ್ನುವಾಗಿನ ‘ಕ್ಕೆ’ ಕೂಡ ಪೋರ್ ಆಗುತ್ತವೆ: ‘ಸಿಯೆನ್ ಕಿಲೋಮೆತ್ರೋಸ್ ಪೋರ್ ಓರಾ’, ‘ದಿಯೆಸ್ ಪೋರ್ ಸಿಯೆಂತೋ’.

ಒಬ್ಬ ಮನುಷ್ಯನ ಬದಲು ಇನ್ನೊಬ್ಬ ನಿಂತರೂ ಅದು ವಿನಿಮಯವೇ. ‘ತ್ರಾಬಾಹೋ ಪಾರಾ ಮಿ ಎರ್ಮಾನೋ’ ಎಂದರೆ ಅಣ್ಣನ ಹತ್ತಿರ ಕೆಲಸಕ್ಕಿದ್ದೇನೆ, ಸಂಬಳ ಕೊಡುವವನು ಅಣ್ಣ. ‘ಓಯ್ ತ್ರಾಬಾಹೋ ಪೋರ್ ಮಿ ಎರ್ಮಾನೋ’ ಎಂದರೆ ಇವತ್ತು ಅಣ್ಣನ ಬದಲು ನಾನು ಕೆಲಸಕ್ಕೆ ಬಂದಿದ್ದೇನೆ, ಅವನಿಗೆ ಜ್ವರವೋ ಏನೋ. ಆಫೀಸಿನಲ್ಲಿ ಹೊಸದಾಗಿ ಪರಿಚಯ ಹೇಳಿಕೊಳ್ಳುವವರು ‘ಇಂಥ ಕಂಪನಿಗೆ ಕೆಲಸ ಮಾಡುತ್ತೇನೆ’ ಎನ್ನಲು ಹೋಗಿ ಪೋರ್ ಹಾಕಿದರೆ, ಕಂಪನಿಯ ಬದಲು ತಾವೇ ದುಡಿಯುತ್ತಿದ್ದೇವೆ ಎಂದ ಹಾಗಾಗುತ್ತದೆ.

ಗಡುವು ಬೇರೆ, ಹೊತ್ತು ಬೇರೆ

ಕಾಲದ ವಿಷಯದಲ್ಲಿ ಪಾರಾಗೆ ಮುಖ್ಯವಾದ ಕೆಲಸ ಒಂದೇ, ಗಡುವು ಹೇಳುವುದು. ‘ಪಾರಾ ಎಲ್ ಲೂನೆಸ್’ ಎಂದರೆ ಸೋಮವಾರಕ್ಕೆ. ‘ಪಾರಾ ಲಾಸ್ ಸಿಂಕೋ’ ಎಂದರೆ ಐದು ಗಂಟೆಯ ಹೊತ್ತಿಗೆಲ್ಲ, ಅಷ್ಟರೊಳಗೆ ಕೆಲಸ ಆಗಿರಬೇಕು. ಐದು ಗಂಟೆಗೆ ಸರಿಯಾಗಿ ಭೇಟಿ ಇದ್ದರೆ ಮಾತ್ರ ಪಾರಾ ಅಲ್ಲ, ‘ಆ ಲಾಸ್ ಸಿಂಕೋ’ ಎನ್ನಬೇಕು. ಕನ್ನಡದಲ್ಲಿ ಎರಡಕ್ಕೂ ‘ಐದು ಗಂಟೆಗೆ’ ಎಂದೇ ಬರುವುದರಿಂದ ಇಲ್ಲಿ ‘ಹೊತ್ತಿಗೆಲ್ಲ’ ಎಂದು ಸೇರಿಸಿ ನೋಡುವುದು ಒಳ್ಳೆಯದು. ಸೇರಿದರೆ ಪಾರಾ.

ದಿನದ ಹೊತ್ತು ಹೇಳುವಾಗ ‘ಬೆಳಿಗ್ಗೆ’ ಎಂಬ ಪದದ ‘ಗೆ’ಯನ್ನು ನಂಬಿದರೂ ಕೆಟ್ಟಂತೆಯೇ. ಬೆಳಿಗ್ಗೆ ಓದುತ್ತೇನೆ ಎನ್ನುವುದು ‘ಎಸ್ತೂದಿಯೋ ಪೋರ್ ಲಾ ಮಾನ್ಯಾನಾ’. ಬೆಳಗಿನ ಹೊತ್ತು ಇಲ್ಲಿ ಗುರಿಯಲ್ಲ, ಓದು ಹಾದುಹೋಗುವ ಬಯಲು. ಮಂಡ್ಯದ ಮೇಲೆ ಹೋದ ಹಾಗೆಯೇ ಬೆಳಗಿನ ಮೇಲೆ ಹೋಗುವುದು. ‘ಪೋರ್ ದೋಸ್ ಓರಾಸ್’ ಎಂದರೆ ಎರಡು ಗಂಟೆ ಕಾಲ, ಅದೂ ಇದೇ ಬಗೆ.

ಪಾರಾ ತಪ್ಪಿ ಪೋರ್ ಬಂದಾಗ ಏನಾಗುತ್ತದೆಂಬುದನ್ನು ಒಂದೇ ವಾಕ್ಯದಲ್ಲಿ ನೋಡಬಹುದು. ‘ತೇಂಗೋ ತಾರೇಯಾ ಪಾರಾ ಮಾನ್ಯಾನಾ’ ಎಂದರೆ ನಾಳೆಗೆ ಹೋಮ್‌ವರ್ಕ್ ಇದೆ. ‘ಆಗೋ ಲಾ ತಾರೇಯಾ ಪೋರ್ ಲಾ ಮಾನ್ಯಾನಾ’ ಎಂದರೆ ಬೆಳಿಗ್ಗೆ ಹೋಮ್‌ವರ್ಕ್ ಮಾಡುತ್ತೇನೆ. ಸ್ಪ್ಯಾನಿಷ್‌ನಲ್ಲಿ ಮಾನ್ಯಾನಾ ಎಂದರೆ ನಾಳೆಯೂ ಹೌದು, ಬೆಳಿಗ್ಗೆಯೂ ಹೌದು. ಎರಡರಲ್ಲಿ ಯಾವುದು ಎಂದು ಹೇಳುವುದರಲ್ಲಿ ಮುಂದಿರುವ ಪುಟ್ಟ ಪದಗಳ ಪಾಲು ದೊಡ್ಡದು.

ನಿನಗೋಸ್ಕರ

ಇಷ್ಟು ಹೊತ್ತೂ ಗೆರೆ ಸ್ಪಷ್ಟವಾಗಿತ್ತು. ಅದು ಮಸುಕಾಗುವುದು ‘ಓಸ್ಕರ’, ‘ಆಗಿ’ ಬಂದಾಗ. ‘ನಿನಗೋಸ್ಕರ ಮಾಡಿದೆ’ ಎಂಬ ಮಾತಿನಲ್ಲಿ ಉದ್ದೇಶವಿದೆಯೋ ಕಾರಣವಿದೆಯೋ?

ಎರಡೂ ಇರಬಹುದು, ಅದಕ್ಕೇ ಸಂದರ್ಭ ನೋಡಬೇಕು. ‘ಎಸ್ತೆ ಪಾಸ್ತೆಲ್ ಲೋ ಇಸೆ ಪಾರಾ ತಿ’ ಎಂದರೆ ಈ ಕೇಕ್ ನಿನಗೆಂದು ಮಾಡಿದೆ, ನೀನೇ ತಿನ್ನಬೇಕು. ‘ದೆಹೇ ದೆ ಫುಮಾರ್ ಪೋರ್ ತಿ’ ಎಂದರೆ ನಿನಗೋಸ್ಕರ ಸಿಗರೇಟು ಬಿಟ್ಟೆ. ಇಲ್ಲಿ ನಿನ್ನ ಕೈಗೆ ಬಂದದ್ದೇನೂ ಇಲ್ಲ, ನಾನು ಬಿಡುವಂತೆ ಮಾಡಿದ್ದು ನಿನ್ನ ಮೇಲಿನ ಪ್ರೀತಿ. ವಸ್ತು ತಲುಪುವವರಿಗೆ ಪಾರಾ, ಮನಸ್ಸನ್ನು ನೂಕಿದವರಿಗೆ ಪೋರ್.

ಹೋರಾಟ, ಪ್ರೀತಿ, ಪ್ರಾರ್ಥನೆಗಳೆಲ್ಲ ಪೋರ್‌ನ ಜೊತೆ ಹೋಗುವುದು ಇದೇ ಕಾರಣಕ್ಕೆ. ‘ಲೂಚಾರ್ ಪೋರ್ ಲಾ ಲಿಬೆರ್ತಾದ್’ ಎಂದರೆ ಸ್ವಾತಂತ್ರ್ಯಕ್ಕಾಗಿ ಹೋರಾಡುವುದು. ಕನ್ನಡದ ‘ಕ್ಕಾಗಿ’ ನೋಡಿ ಪಾರಾ ಹಾಕಲು ಕೈ ತುರಿಸುತ್ತದೆ, ಆದರೆ ಸ್ಪ್ಯಾನಿಷ್ ಮಾತಾಡುವವರಿಗೆ ಸ್ವಾತಂತ್ರ್ಯ ಎಂಬುದು ಹೋರಾಟಗಾರನನ್ನು ಒಳಗಿಂದ ನೂಕುತ್ತಿರುವ ಸಂಗತಿ. ಅರ್ನೆಸ್ಟ್ ಹೆಮಿಂಗ್ವೇ ಸ್ಪೇನಿನ ಅಂತರ್ಯುದ್ಧದ ಹಿನ್ನೆಲೆಯಲ್ಲಿ ಬರೆದು 1940ರಲ್ಲಿ ಪ್ರಕಟಿಸಿದ ಕಾದಂಬರಿಯ ಸ್ಪ್ಯಾನಿಷ್ ಹೆಸರು ‘ಪೋರ್ ಕಿಯೆನ್ ದೋಬ್ಲಾನ್ ಲಾಸ್ ಕಾಂಪಾನಾಸ್’. ಸತ್ತವರ ನಿಮಿತ್ತ ಬಾರಿಸುವ ಗಂಟೆ ಅದು. ಯಾರ ನಿಮಿತ್ತ ಎಂದು ಕೇಳುವುದರಿಂದ ಪೋರ್. ಪಾರಾ ಇಟ್ಟಿದ್ದರೆ ಯಾರು ಕೇಳಲೆಂದು ಗಂಟೆ ಬಾರಿಸುತ್ತಿದ್ದಾರೆ ಎಂದಾಗುತ್ತಿತ್ತು.

ಕೆಲವು ಕಡೆ ಎರಡೂ ಸಲ್ಲುತ್ತವೆ. ‘ಲೋ ಇಸೋ ಪಾರಾ ಆಯುದಾರ್’ ಎಂದರೂ ‘ಲೋ ಇಸೋ ಪೋರ್ ಆಯುದಾರ್’ ಎಂದರೂ ಸಹಾಯ ಮಾಡಲೆಂದು ಮಾಡಿದ ಎಂದೇ ಅರ್ಥ. ಮೊದಲನೆಯದರಲ್ಲಿ ಫಲದ ಮೇಲೆ ಕಣ್ಣು, ಎರಡನೆಯದರಲ್ಲಿ ಒಳಗಿನ ಒತ್ತಾಸೆಯ ಮೇಲೆ. ಇಂಥ ಕಡೆ ಕಲಿಯುವವರು ಪಾರಾ ಹಿಡಿದರೆ ಅಪಾಯವಿಲ್ಲ. ಇನ್ನೊಂದು ಕಡೆ ನಮ್ಮ ಸೂತ್ರವೇ ಮುರಿಯುತ್ತದೆ: ‘ತ್ರೆಸ್ ಕಾರ್ತಾಸ್ ಪೋರ್ ಎಸ್ಕ್ರಿಬೀರ್’ ಎಂದರೆ ಇನ್ನೂ ಬರೆಯಬೇಕಾದ ಮೂರು ಪತ್ರಗಳು. ಆಗಿಹೋದದ್ದಕ್ಕೆ ಪೋರ್ ಎಂದುಕೊಂಡವರಿಗೆ ಇಲ್ಲಿ ಆಗದೇ ಉಳಿದದ್ದಕ್ಕೂ ಪೋರ್ ಸಿಗುತ್ತದೆ. ಇದನ್ನು ಹಾಗೆಯೇ ಕಲಿತಿಟ್ಟುಕೊಳ್ಳಬೇಕು.

ದೇಶದಿಂದ ದೇಶಕ್ಕೂ ವ್ಯತ್ಯಾಸವಿದೆ. ನೀರು ತರೋಕೆ ಹೋಗುತ್ತೇನೆ ಎನ್ನಲು ಮೆಕ್ಸಿಕೋದವರು ‘ಬೋಯ್ ಪೋರ್ ಆಗುವಾ’ ಎಂದರೆ ಸ್ಪೇನಿನವರು ಸಾಮಾನ್ಯವಾಗಿ ‘ಬೋಯ್ ಆ ಪೋರ್ ಆಗುವಾ’ ಎನ್ನುತ್ತಾರೆ. ಇನ್ನೇನು ಹೊರಟೆ ಎನ್ನುವುದು ಲ್ಯಾಟಿನ್ ಅಮೆರಿಕದ ಹಲವು ಕಡೆ ‘ಎಸ್ತೋಯ್ ಪೋರ್ ಸಾಲೀರ್’. ಅದನ್ನೇ ಸ್ಪೇನಿನಲ್ಲಿ ಹೇಳಿದರೆ ಹೊರಡೋಣ ಅನ್ನಿಸುತ್ತಿದೆ ಎಂಬ ಅರ್ಥವೂ ಬರುತ್ತದೆ.

ಮತ್ತೆ ಟೈಲರ್ ಅಂಗಡಿ

ಈಗ ಮೈಸೂರಿನ ಹುಡುಗಿಯನ್ನು ಇನ್ನೊಮ್ಮೆ ಅದೇ ಅಂಗಡಿಗೆ ಕಳಿಸೋಣ. ಈ ಸಲ ಮಾತು ಹೀಗೆ ಸಾಗುತ್ತದೆ.

‘ಬ್ವೆನಾಸ್ ತಾರ್ದೆಸ್, ಸೆನ್ಯೋರಾ. ನೆಸೆಸಿತೋ ಎಲ್ ಬೆಸ್ತಿದೋ ಪಾರಾ ಎಲ್ ಬಿಯೆರ್ನೆಸ್.’ ಶುಕ್ರವಾರಕ್ಕೆ. ಗಡುವು, ಪಾರಾ.

‘ಎಸ್ ಪಾರಾ ಉಸ್ತೆದ್?’ ನಿಮಗೇನಾ? ಎಂದು ಆಕೆ ಕೇಳುತ್ತಾಳೆ. ‘ನೋ, ಪಾರಾ ಮಿ ಎರ್ಮಾನಾ.’ ಇಲ್ಲ, ತಂಗಿಗೆ. ಡ್ರೆಸ್ ತಲುಪುವುದು ಅವಳಿಗೆ, ಪಾರಾ.

‘ಪೋರ್ ಕೆ ತಾಂತಾ ಪ್ರಿಸಾ?’ ಯಾಕಿಷ್ಟು ಅವಸರ? ‘ಪೋರ್ ಊನಾ ಬೋದಾ, ಎಸ್ ಎಲ್ ಸಾಬಾದೋ.’ ಒಂದು ಮದುವೆ ಇರೋದರಿಂದ, ಶನಿವಾರ. ಕೇಳಿದ್ದು ಕಾರಣ, ಹೇಳಿದ್ದೂ ಕಾರಣ. ಎರಡೂ ಪೋರ್. ಇಲ್ಲಿ ‘ಪಾರಾ ಊನಾ ಬೋದಾ’ ಎಂದಿದ್ದರೂ ವಾಕ್ಯ ಸರಿಯೇ, ಆದರೆ ಅದು ಡ್ರೆಸ್ ಯಾವ ಸಮಾರಂಭಕ್ಕೆ ಎಂಬ ಪ್ರಶ್ನೆಗೆ ಉತ್ತರವಾಗುತ್ತಿತ್ತು, ಅವಸರ ಯಾಕೆ ಎಂಬುದಕ್ಕಲ್ಲ.

‘ಕ್ವಾಂತೋ ಮೆ ಕೋಬ್ರಾ ಪೋರ್ ಲಾ ಬಸ್ತಿಯಾ?’ ‘ಸಿಯೆಂತೋ ಬೇಂತೆ.’ ಕೆಲಸಕ್ಕೆ ಬದಲು ನೂರಿಪ್ಪತ್ತು ಪೆಸೋ. ವಿನಿಮಯ, ಪೋರ್.

‘ಪೆರ್ದೋನ್ ಪೋರ್ ಲಾ ಪ್ರಿಸಾ.’ ಅವಸರ ಮಾಡಿದ್ದಕ್ಕೆ ಕ್ಷಮಿಸಿ. ‘ಇದ್ದಕ್ಕೆ’ ಬಂದಿದೆ, ಪೋರ್.

ಟೈಲರಮ್ಮ ಅಳತೆ ಹಿಡಿದು, ಗುಂಡುಪಿನ್ನು ಚುಚ್ಚುತ್ತ, ಪಕ್ಕದಲ್ಲಿ ಕೂತವಳಿಗೆ ಹೇಳುತ್ತಾಳೆ: ‘ಪಾರಾ ಸೆರ್ ಎಕ್ಸ್ತ್ರಾನ್ಹೆರಾ, ಆಬ್ಲಾ ಮುಯ್ ಬಿಯೆನ್.’ ಹೊರದೇಶದವಳು ಅನ್ನೋದನ್ನ ನೋಡಿದರೆ ತುಂಬ ಚೆನ್ನಾಗಿ ಮಾತಾಡ್ತಾಳೆ. ನಿರೀಕ್ಷೆಯ ಜೊತೆ ಹೋಲಿಸುವ ಪಾರಾ ಇದು, ಹೊಗಳಿಕೆ. ಅದೇ ಬಾಯಲ್ಲಿ ‘ಪೋರ್ ಸೆರ್ ಎಕ್ಸ್ತ್ರಾನ್ಹೆರಾ’ ಎಂದು ಶುರುವಾಗಿದ್ದರೆ ಹೊರದೇಶದವಳಾದ್ದರಿಂದ ಎಂದು ಅರ್ಥ. ಆ ವಾಕ್ಯ ಮುಗಿಯುವ ಹೊತ್ತಿಗೆ ಅಂಚು ಹೊಲಿಯುವ ಕೂಲಿ ಇನ್ನೂರು ಪೆಸೋ ಆಗಿರಲೂಬಹುದು.